ಕನ್ನಡ ಅಡುಗೆ ವಿಡಿಯೊಗೆ ಸಬ್‌ಟೈಟಲ್ ಮತ್ತು ಅನುವಾದಿತ ಶೀರ್ಷಿಕೆ ಸೇರಿಸುವ ಕ್ರಮ

ಯೂಟ್ಯೂಬ್‌ನಲ್ಲಿ ಕನ್ನಡದ ಅಡುಗೆ ಚಾನೆಲ್ ನಡೆಸುವ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಹೀಗಿರುತ್ತದೆ: ‘ಹೊರದೇಶದಲ್ಲಿರುವ ನಮ್ಮವರೂ ಕನ್ನಡ ಬಾರದವರೂ ನೋಡಬೇಕಾದರೆ ಶೀರ್ಷಿಕೆಯನ್ನು ಇಂಗ್ಲಿಷಿನಲ್ಲೇ ಕೊಡಬೇಕೇ? ಮಾತನ್ನೂ ಇಂಗ್ಲಿಷಿಗೆ ಬದಲಾಯಿಸಬೇಕೇ?’ ಎರಡರ ಅಗತ್ಯವೂ ಇಲ್ಲ. ಒಂದೇ ವಿಡಿಯೊಗೆ ಹಲವು ಭಾಷೆಗಳ ಶೀರ್ಷಿಕೆ, ವಿವರಣೆ ಮತ್ತು ಸಬ್‌ಟೈಟಲ್‌ಗಳನ್ನು ಬೇರೆ ಬೇರೆಯಾಗಿ ಸೇರಿಸಿಡುವ ಅವಕಾಶ ಯೂಟ್ಯೂಬ್‌ನಲ್ಲಿದೆ. ನೋಡುಗರ ಖಾತೆ ಯಾವ ಭಾಷೆಯಲ್ಲಿದೆಯೋ ಆ ಭಾಷೆಯ ಶೀರ್ಷಿಕೆ ಅವರಿಗೆ ಕಾಣಿಸುತ್ತದೆ. ವಿಡಿಯೊದಲ್ಲಿ ಆಡಿದ ಮಾತು ಕನ್ನಡವಾಗಿಯೇ ಉಳಿಯುತ್ತದೆ.

ಈ ಲೇಖನದಲ್ಲಿ ಜೋಳದ ರೊಟ್ಟಿ ಮಾಡುವ ಒಂದು ವಿಡಿಯೊವನ್ನು ಉದಾಹರಣೆಯಾಗಿ ಇಟ್ಟುಕೊಂಡು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತೇನೆ. ಉತ್ತರ ಕರ್ನಾಟಕದ ಮಾತಿನಲ್ಲಿ ಹಿರಿಯರೊಬ್ಬರು ರೊಟ್ಟಿ ಬಡಿಯುತ್ತಾ ವಿವರಿಸುವ, ಎಂಟು ಹತ್ತು ನಿಮಿಷದ ವಿಡಿಯೊ ಅದು ಎಂದುಕೊಳ್ಳಿ.

ಮೊದಲು ತಿಳಿದಿರಬೇಕಾದ ಮಾತುಗಳು

ಸಬ್‌ಟೈಟಲ್ ಎಂದರೆ ಆಡಿದ ಮಾತನ್ನು ಪರದೆಯ ಕೆಳಭಾಗದಲ್ಲಿ ಅಕ್ಷರವಾಗಿ ತೋರಿಸುವ ಅಡಿಬರಹ. ಇದರಲ್ಲಿ ಎರಡು ಬಗೆಗಳಿವೆ. ವಿಡಿಯೊ ಎಡಿಟ್ ಮಾಡುವಾಗಲೇ ಚಿತ್ರದ ಮೇಲೆ ಅಚ್ಚೊತ್ತಿದ ಅಕ್ಷರಗಳು ಒಂದು ಬಗೆ. ಇವನ್ನು ನೋಡುಗರು ತೆಗೆಯಲಾರರು, ಭಾಷೆ ಬದಲಿಸಲಾರರು, ತಪ್ಪಿದ್ದರೆ ವಿಡಿಯೊವನ್ನೇ ಮತ್ತೆ ಏರಿಸಬೇಕಾಗುತ್ತದೆ. ವಿಡಿಯೊದಿಂದ ಬೇರೆಯಾದ ಕಡತವಾಗಿ ಸೇರಿಸುವುದು ಎರಡನೆಯ ಬಗೆ. ಇದನ್ನು ನೋಡುಗರು ಬೇಕಾದಾಗ ಹಾಕಿಕೊಳ್ಳಬಹುದು, ಬೇಡವಾದಾಗ ತೆಗೆಯಬಹುದು, ನೀವು ಯಾವಾಗ ಬೇಕಾದರೂ ತಿದ್ದಬಹುದು. ಈ ಲೇಖನದಲ್ಲಿ ಸಬ್‌ಟೈಟಲ್ ಎಂದಾಗಲೆಲ್ಲ ಎರಡನೆಯ ಬಗೆಯನ್ನೇ ಹೇಳುತ್ತಿದ್ದೇನೆ.

ಎಸ್‌ಆರ್‌ಟಿ ಎಂಬುದು ಆ ಕಡತದ ಅತ್ಯಂತ ಸರಳ ರೂಪ. ಅದು ಬರಿಯ ಪಠ್ಯ: ಒಂದು ಕ್ರಮಸಂಖ್ಯೆ, ಮಾತು ಪರದೆಗೆ ಬರುವ ಮತ್ತು ಹೋಗುವ ಹೊತ್ತು, ನಂತರ ಮಾತು, ಆಮೇಲೆ ಒಂದು ಖಾಲಿ ಸಾಲು. ಸ್ಟುಡಿಯೊ ಎಂದರೆ ಯೂಟ್ಯೂಬ್ ಚಾನೆಲ್ ಇರುವವರು ತಮ್ಮ ವಿಡಿಯೊಗಳನ್ನು ನಿರ್ವಹಿಸುವ ತಾಣ, ವಿಳಾಸ `studio.youtube.com`. ಮುಂದಿನ ಕೆಲಸವನ್ನೆಲ್ಲ ಫೋನಿನಲ್ಲಿ ಮಾಡಲು ಹೋಗದೆ ಕಂಪ್ಯೂಟರಿನಲ್ಲೇ ಮಾಡಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಯೂನಿಕೋಡ್‌ನಲ್ಲಿ ಕನ್ನಡ ಬರೆಯುವ ಕೀಲಿಮಣೆ, ನೋಟ್‌ಪ್ಯಾಡ್‌ನಂಥ ಪಠ್ಯ ಸಂಪಾದಕ, ಸಾಧ್ಯವಾದರೆ `Subtitle Edit` ಎಂಬ ಉಚಿತ ತಂತ್ರಾಂಶ, ಮತ್ತು ಅನುವಾದವನ್ನು ಓದಿ ನೋಡಲು ಆ ಭಾಷೆಯನ್ನು ದಿನವೂ ಬಳಸುವ ಒಬ್ಬ ವ್ಯಕ್ತಿ ಇದ್ದರೆ ಸಾಕು. ಈ ಕೊನೆಯದು ಇಲ್ಲದೆ ಕೆಲಸ ಮುಗಿಸಬೇಡಿ ಎಂಬುದು ನನ್ನ ಒತ್ತಾಯ.

ಯಾರಿಗಾಗಿ, ಯಾವ ಭಾಷೆ

ಹೊರಗಿನ ನೋಡುಗರು ಎಂದಾಗ ಕನ್ನಡವೇ ಬಾರದವರನ್ನು ಮಾತ್ರ ನೆನೆಯುವುದು ವಾಡಿಕೆ. ಆದರೆ ಜೋಳದ ರೊಟ್ಟಿಯ ವಿಡಿಯೊ ನೋಡಬಹುದಾದವರಲ್ಲಿ ದೊಡ್ಡ ಗುಂಪು ಬೇರೆಯೇ ಇದೆ: ಮನೆಯಲ್ಲಿ ಕನ್ನಡ ಕೇಳಿ ಬೆಳೆದ, ಆದರೆ ಕನ್ನಡ ಲಿಪಿಯನ್ನು ಸರಾಗವಾಗಿ ಓದಲಾರದವರು. ಅಮೆರಿಕದಲ್ಲೋ ಸಿಂಗಾಪುರದಲ್ಲೋ ಹುಟ್ಟಿದ ಮಕ್ಕಳು, ಮುಂಬೈ ಪುಣೆಗಳಲ್ಲಿ ನೆಲೆಸಿದ ಕುಟುಂಬಗಳ ಎರಡನೆಯ ತಲೆಮಾರು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಗಳಲ್ಲಿ ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದಿದವರು ಈ ಗುಂಪಿಗೆ ಸೇರುತ್ತಾರೆ. ಇವರಿಗೆ ಮಾತು ಮುಕ್ಕಾಲು ಅರ್ಥವಾಗುತ್ತದೆ. ‘ನಾದು’, ‘ಕುದಿ’, ‘ಹಂಚು’ ಎಂಬಂಥ ಪದ ಬಂದಾಗ ಮಾತ್ರ ತಡೆಯಾಗುತ್ತದೆ. ಕನ್ನಡದ ಶೀರ್ಷಿಕೆಯನ್ನು ಓದಲಾರದ ಕಾರಣ ವಿಡಿಯೊ ಇವರ ಕಣ್ಣಿಗೇ ಬೀಳುವುದಿಲ್ಲ.

ಇನ್ನೊಂದು ಗುಂಪು ಕರ್ನಾಟಕದ ಒಳಗೇ ಇದೆ. ಕನ್ನಡ ಚೆನ್ನಾಗಿ ಓದಬಲ್ಲ ಅನೇಕರು ಫೋನಿನ ಭಾಷೆಯನ್ನು ಇಂಗ್ಲಿಷಿನಲ್ಲಿಟ್ಟಿರುತ್ತಾರೆ. ನೀವು ಇಂಗ್ಲಿಷ್ ಶೀರ್ಷಿಕೆ ಸೇರಿಸಿದ ಮೇಲೆ ಹುಬ್ಬಳ್ಳಿಯಲ್ಲಿ ಕುಳಿತು ನೋಡುವ ಈ ಕನ್ನಡಿಗರಿಗೂ ಇಂಗ್ಲಿಷ್ ಶೀರ್ಷಿಕೆಯೇ ಕಾಣಿಸುತ್ತದೆ. ಆದ್ದರಿಂದ ಇಂಗ್ಲಿಷ್ ಶೀರ್ಷಿಕೆಯನ್ನು ವಿದೇಶೀಯರಿಗೆ ಬರೆಯುತ್ತಿದ್ದೇನೆ ಎಂದುಕೊಂಡು ಬರೆದರೆ ನಿಮ್ಮ ಹಳೆಯ ನೋಡುಗರೇ ಅದನ್ನು ಯಾರದೋ ವಿಡಿಯೊ ಎಂದು ದಾಟಿಸಿಬಿಡುವ ಸಂಭವವಿದೆ. ಶೀರ್ಷಿಕೆಯ ಹಂತಕ್ಕೆ ಬಂದಾಗ ಈ ಸಂಗತಿಯನ್ನು ಮರೆಯಬೇಡಿ.

ಭಾಷೆಗಳ ಆಯ್ಕೆಯಲ್ಲಿ ನನ್ನ ಸಲಹೆ ಇಷ್ಟೆ: ಮೊದಲು ಕನ್ನಡ ಮತ್ತು ಇಂಗ್ಲಿಷ್, ಅವೆರಡೂ ಸರಿಯಾಗಿ ನಿಂತ ಮೇಲೆ ನಿಮ್ಮ ವಿಷಯಕ್ಕೆ ನಿಜವಾದ ನಂಟಿರುವ ಒಂದು ನೆರೆಭಾಷೆ. ಜೋಳದ ರೊಟ್ಟಿಗಾದರೆ ಅದು ಮರಾಠಿ, ಏಕೆಂದರೆ ಅದೇ ಹಿಟ್ಟಿನ ಭಾಕರಿ ಅಲ್ಲಿ ದಿನದ ಊಟ. ಕೋರಿ ರೊಟ್ಟಿಯಾಗಿದ್ದರೆ ಮಲಯಾಳವನ್ನೂ, ರಾಗಿ ಮುದ್ದೆಯಾಗಿದ್ದರೆ ತೆಲುಗನ್ನೂ ಯೋಚಿಸಬಹುದಿತ್ತು. ಸಬ್‌ಟೈಟಲ್ ಇಲ್ಲದ ಭಾಷೆಗೆ ಶೀರ್ಷಿಕೆಯನ್ನು ಮಾತ್ರ ಅನುವಾದಿಸಿ ಸೇರಿಸುವುದು ಸರಿಯಲ್ಲ. ಮರಾಠಿ ಶೀರ್ಷಿಕೆ ನೋಡಿ ಒಳಗೆ ಬಂದವರಿಗೆ ಮರಾಠಿಯ ಒಂದು ಸಾಲೂ ಸಿಗದಿದ್ದರೆ ಅವರು ಕೆಲವೇ ಕ್ಷಣಗಳಲ್ಲಿ ಹೊರಟುಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಹಂತ 1: ಮೂಲ ಭಾಷೆಯನ್ನು ಸರಿಯಾಗಿ ನಮೂದಿಸಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಸ್ಟುಡಿಯೊದಲ್ಲಿ ವಿಡಿಯೊದ `Details` ಪುಟ ತೆರೆದು, ಕೆಳಗೆ `Show more` ಒತ್ತಿ. ಅಲ್ಲಿ `Video language` ಮತ್ತು `Title and description language` ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ವಿಡಿಯೊದಲ್ಲಿ ಆಡಿದ ಮಾತಿನ ಭಾಷೆ, ಎರಡನೆಯದು ನೀವು ಬರೆದ ಮೂಲ ಶೀರ್ಷಿಕೆಯ ಭಾಷೆ. ಎರಡನ್ನೂ `Kannada` ಎಂದು ಇಡಿ.

ಎಷ್ಟೋ ಚಾನೆಲ್‌ಗಳಲ್ಲಿ ಇವು ಇಂಗ್ಲಿಷ್ ಎಂದೇ ಉಳಿದಿರುತ್ತವೆ. ಹಾಗಿದ್ದಾಗ ಕನ್ನಡದಲ್ಲಿರುವ ನಿಮ್ಮ ಶೀರ್ಷಿಕೆಯನ್ನೇ ಯೂಟ್ಯೂಬ್ ‘ಇಂಗ್ಲಿಷ್ ಶೀರ್ಷಿಕೆ’ ಎಂದು ಲೆಕ್ಕ ಹಾಕುತ್ತದೆ. ಮುಂದೆ ಇಂಗ್ಲಿಷ್ ಅನುವಾದ ಸೇರಿಸಲು ಹೋದರೆ ಜಾಗವೇ ಸಿಗುವುದಿಲ್ಲ. ‘ಇಂಗ್ಲಿಷ್ ಭಾಷೆ ಪಟ್ಟಿಯಲ್ಲಿದೆ, ಆದರೆ ಶೀರ್ಷಿಕೆ ಸೇರಿಸುವ ಗುಂಡಿಯಿಲ್ಲ’ ಎಂದು ಬರೆಯುವ ಓದುಗರು ಮೊದಲು ಈ ಆಯ್ಕೆಯನ್ನೇ ಪರೀಕ್ಷಿಸಬೇಕು. ಹೊಸ ವಿಡಿಯೊಗಳಿಗೆಲ್ಲ ಇದು ತಾನಾಗಿ ಅನ್ವಯಿಸಬೇಕಾದರೆ `Settings`, ಅದರೊಳಗೆ `Upload defaults`, ಅದರೊಳಗೆ `Advanced settings` ಎಂಬಲ್ಲಿ ಒಮ್ಮೆ ಕನ್ನಡವನ್ನು ಆರಿಸಿಟ್ಟರೆ ಸಾಕು.

ಹಂತ 2: ಕನ್ನಡದ ಸಬ್‌ಟೈಟಲ್ ಮೊದಲು

ನೇರವಾಗಿ ಇಂಗ್ಲಿಷಿಗೆ ಹೋಗಬೇಡಿ. ಕನ್ನಡದ ಕಡತ ಸರಿಯಾಗಿ ಸಿದ್ಧವಾದರೆ ಉಳಿದ ಎಲ್ಲ ಭಾಷೆಗಳಿಗೂ ಹೊತ್ತಿನ ಲೆಕ್ಕ ಅದರಿಂದಲೇ ಸಿಗುತ್ತದೆ. ಅನುವಾದಕರಿಗೆ ಮಾತು ಕೇಳಿಸಿಕೊಳ್ಳುವ ಕಷ್ಟವೂ ತಪ್ಪುತ್ತದೆ. ಕಿವಿ ಕೇಳಿಸದ ಕನ್ನಡಿಗರಿಗೆ, ಸದ್ದಿಲ್ಲದೆ ನೋಡುವವರಿಗೆ, ಕನ್ನಡ ಸಂಘಗಳು ಹೊರದೇಶದಲ್ಲಿ ನಡೆಸುವ ವಾರಾಂತ್ಯದ ತರಗತಿಗಳಲ್ಲಿ ಅಕ್ಷರ ಕಲಿಯುತ್ತಿರುವ ಮಕ್ಕಳಿಗೆ ಈ ಕಡತವೇ ಉಪಯುಕ್ತ.

ಮಾತನ್ನು ಕೇಳಿ ಬರೆಯುವಾಗ ಒಂದು ತೀರ್ಮಾನ ಬೇಕು: ಆಡುಮಾತನ್ನು ಹಾಗೆಯೇ ಬರೆಯಬೇಕೋ, ಗ್ರಾಂಥಿಕಕ್ಕೆ ತಿರುಗಿಸಬೇಕೋ? ಆಡಿದಂತೆಯೇ ಬರೆಯಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕಿವಿಗೆ ‘ಹಾಕ್ರಿ’ ಎಂದು ಕೇಳಿಸುತ್ತಿರುವಾಗ ಕಣ್ಣಿಗೆ ‘ಹಾಕಿರಿ’ ಎಂದು ಕಂಡರೆ ಕಲಿಯುವ ಮಗುವಿಗೆ ಗೊಂದಲ, ಆ ಸೀಮೆಯವರಿಗೆ ಬೇಸರ. ‘ಆಮೇಲೆ ಏನಂದ್ರ’, ‘ಅಂದ್ರ ಈಗ’ ಎಂಬಂಥ ತುಂಬುಮಾತುಗಳನ್ನು ಮಾತ್ರ ಬಿಡಬಹುದು. ಎಸ್‌ಆರ್‌ಟಿ ಕಡತದ ಎರಡು ತುಣುಕುಗಳು ಹೀಗಿರುತ್ತವೆ:

```
12
00:01:04,200 --> 00:01:07,600
ನೀರು ಕುದಿ ಬಂದ ಮ್ಯಾಲೆ
ಒಲಿ ಸಣ್ಣ ಮಾಡ್ರಿ.

13
00:01:07,800 --> 00:01:11,000
ಹಿಟ್ಟು ನಡುವ ಹಾಕ್ರಿ.
ಈಗ ತಿರುವಬ್ಯಾಡ್ರಿ.
```

ಹೊತ್ತನ್ನು ಗಂಟೆ, ನಿಮಿಷ, ಸೆಕೆಂಡು, ಸೆಕೆಂಡಿನ ಸಾವಿರದ ಭಾಗ ಎಂಬ ಕ್ರಮದಲ್ಲಿ ಬರೆಯಬೇಕು. ಸೆಕೆಂಡಿನ ನಂತರ ಬರುವುದು ಅಲ್ಪವಿರಾಮ, ಚುಕ್ಕಿಯಲ್ಲ. ಬಾಣದ ಗುರುತು ಎರಡು ಅಡ್ಡಗೆರೆ ಮತ್ತು ಒಂದು ಕೋನದ ಚಿಹ್ನೆ. ಬರವಣಿಗೆಯ ತಂತ್ರಾಂಶಗಳು ಇದನ್ನು ತಾವಾಗಿಯೇ ಒಂದೇ ಉದ್ದ ಗೆರೆಯಾಗಿಯೋ ಬಾಣದ ಚಿತ್ರವಾಗಿಯೋ ಬದಲಿಸುತ್ತವೆ, ಆಗ ಕಡತ ಕೆಡುತ್ತದೆ. ಆದ್ದರಿಂದ ವರ್ಡ್‌ನಲ್ಲಿ ಬರೆಯದೆ ನೋಟ್‌ಪ್ಯಾಡ್‌ನಲ್ಲಿ ಅಥವಾ `Subtitle Edit`ನಲ್ಲಿ ಬರೆಯಿರಿ. ಇಲ್ಲಿ ಅಂಕಿಗಳು 0 ರಿಂದ 9 ಎಂಬ ಅಂತರರಾಷ್ಟ್ರೀಯ ರೂಪದಲ್ಲೇ ಇರಬೇಕು. ಕನ್ನಡ ಅಂಕಿಗಳನ್ನು ಮಾತಿನ ಸಾಲಿನಲ್ಲಿ ಬಳಸಬಹುದು, ಹೊತ್ತಿನ ಸಾಲಿನಲ್ಲಿ ಬಳಸುವಂತಿಲ್ಲ.

ಒಂದು ತುಣುಕಿನಲ್ಲಿ ಎರಡು ಸಾಲುಗಳಿಗಿಂತ ಹೆಚ್ಚು ಬೇಡ. ಒಂದು ತುಣುಕು ಪರದೆಯ ಮೇಲೆ ಒಂದು ಸೆಕೆಂಡಿಗಿಂತ ಕಡಿಮೆ ಇದ್ದರೆ ಓದಲಾಗದು, ಏಳು ಸೆಕೆಂಡಿಗಿಂತ ಹೆಚ್ಚಿದ್ದರೆ ಓದಿದ್ದನ್ನೇ ಕಣ್ಣು ಮತ್ತೆ ಓದತೊಡಗುತ್ತದೆ. ಸಾಲನ್ನು ಮುರಿಯುವಾಗ ಅರ್ಥದ ಕೊಂಡಿ ಎಲ್ಲಿ ಸಡಿಲವಾಗಿದೆಯೋ ಅಲ್ಲಿ ಮುರಿಯಿರಿ: ‘ನೀರು ಕುದಿ ಬಂದ ಮ್ಯಾಲೆ / ಒಲಿ ಸಣ್ಣ ಮಾಡ್ರಿ’ ಎಂಬುದು ಸರಿ, ‘ನೀರು ಕುದಿ / ಬಂದ ಮ್ಯಾಲೆ ಒಲಿ’ ಎಂಬುದು ತಪ್ಪು.

ಸ್ಟುಡಿಯೊದಲ್ಲಿ ನಿಮ್ಮ ವಿಡಿಯೊಗೆ ಸ್ವಯಂಚಾಲಿತ ಎಂಬ ಗುರುತಿನ ಅಡಿಬರಹ ಆಗಲೇ ಇರುವುದು ಕಂಡರೆ ಅದನ್ನು ಕರಡಾಗಿ ಬಳಸಲು ಅಡ್ಡಿಯಿಲ್ಲ, ಆದರೆ ಹಾಗೆಯೇ ಪ್ರಕಟಿಸಬೇಡಿ. ಸೀಮೆಯ ಮಾತು, ಒಲೆಯ ಸದ್ದು, ರೊಟ್ಟಿ ಬಡಿಯುವ ಸದ್ದು ಬೆರೆತಾಗ ಯಂತ್ರ ತಪ್ಪು ಕೇಳುತ್ತದೆ, ಮತ್ತು ಅಳತೆ ಹೇಳುವ ಜಾಗದಲ್ಲಿ ತಪ್ಪಾದರೆ ಅಡುಗೆಯೇ ಕೆಡುತ್ತದೆ.

ಕನ್ನಡ ಕಡತ ಕೆಡುವ ಮೂರು ದಾರಿಗಳು

ಕಡತ ಏರಿಸಿದ ಮೇಲೆ ಕನ್ನಡದ ಬದಲು ಬೇರೇನೋ ಕಾಣುತ್ತಿದೆ ಎಂಬ ದೂರಿಗೆ ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು. ಪರದೆಯಲ್ಲಿ ಏನು ಕಾಣುತ್ತಿದೆ ಎಂಬುದರಿಂದಲೇ ಕಾರಣವನ್ನು ಗುರುತಿಸಬಹುದು.

‘ಕನ್ನಡ’ ಎಂದು ಬರೆದ ಕಡೆ `PÀ£ÀßqÀ` ಎಂಬಂತೆ ಕಂಡರೆ, ಪಠ್ಯ ಯೂನಿಕೋಡ್‌ನಲ್ಲಿಲ್ಲ. ನುಡಿ ಅಥವಾ ಬರಹದ ಹಳೆಯ, ಅಕ್ಷರಶೈಲಿಯನ್ನು ಅವಲಂಬಿಸಿದ ವಿಧಾನದಲ್ಲಿ ಬರೆದದ್ದು. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದರಿಂದ ಅದು ಕನ್ನಡವಾಗಿ ಕಂಡಿರುತ್ತದೆ, ಬೇರೆಲ್ಲೂ ಕಾಣದು. ಪತ್ರಿಕೆ, ಮುದ್ರಣಾಲಯಗಳ ಹಿನ್ನೆಲೆಯವರು ಟೈಪ್ ಮಾಡಿಕೊಟ್ಟ ಪಠ್ಯದಲ್ಲಿ ಈ ತೊಂದರೆ ಈಗಲೂ ಬರುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನದಲ್ಲಿ ಹಾಕಿ ತೆಗೆದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಾರೆ ಪರೀಕ್ಷಿಸಿ.

ಅಕ್ಷರಗಳ ಬದಲು ಸಾಲು ಸಾಲಾಗಿ ಪ್ರಶ್ನೆ ಚಿಹ್ನೆಗಳು ಕಂಡರೆ, ಬರೆದದ್ದು ಯೂನಿಕೋಡ್‌ನಲ್ಲೇ, ಉಳಿಸಿದ್ದು ಮಾತ್ರ ತಪ್ಪಾಗಿ. ನೋಟ್‌ಪ್ಯಾಡ್‌ನಲ್ಲಿ `Save as` ಒತ್ತಿದಾಗ ಕೆಳಗೆ ಕಾಣುವ `Encoding` ಎಂಬಲ್ಲಿ `ANSI` ಇದ್ದರೆ ಅದನ್ನು `UTF-8` ಎಂದು ಬದಲಿಸಿ. ಹೀಗೆ ಪ್ರಶ್ನೆ ಚಿಹ್ನೆಯಾಗಿ ಉಳಿದ ಕಡತದಿಂದ ಅಕ್ಷರಗಳನ್ನು ಮರಳಿ ಪಡೆಯಲಾಗದು. ಆದ್ದರಿಂದ ಮೂಲ ಪಠ್ಯದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಂಡಿರಿ.

ಕಡತವನ್ನೇ ಯೂಟ್ಯೂಬ್ ಒಪ್ಪದಿದ್ದರೆ ಹೆಸರನ್ನು ನೋಡಿ. `rotti-kn.srt` ಎಂದು ನೀವು ಕೊಟ್ಟ ಹೆಸರು ವಾಸ್ತವವಾಗಿ `rotti-kn.srt.txt` ಆಗಿರಬಹುದು, ಏಕೆಂದರೆ ವಿಂಡೋಸ್ ಕೊನೆಯ ಭಾಗವನ್ನು ಮರೆಮಾಡಿರುತ್ತದೆ. ಉಳಿಸುವಾಗ `Save as type` ಎಂಬಲ್ಲಿ `All files` ಆರಿಸಿದರೆ ಈ ತೊಂದರೆ ಬಾರದು.

ಹಂತ 3: ಅದೇ ಹೊತ್ತಿನ ಮೇಲೆ ಇಂಗ್ಲಿಷ್

ಕನ್ನಡ ಕಡತದ ಒಂದು ಪ್ರತಿಯನ್ನು `rotti-en.srt` ಎಂದು ಉಳಿಸಿ, ಸಂಖ್ಯೆಗಳನ್ನೂ ಹೊತ್ತನ್ನೂ ಮುಟ್ಟದೆ ಮಾತಿನ ಸಾಲುಗಳನ್ನು ಮಾತ್ರ ಬದಲಿಸುತ್ತಾ ಹೋಗಿ. ಮೇಲಿನ ತುಣುಕುಗಳು ಇಂಗ್ಲಿಷಿನಲ್ಲಿ ಹೀಗಾಗುತ್ತವೆ:

```
12
00:01:04,200 --> 00:01:07,600
Once the water boils,
lower the flame.

13
00:01:07,800 --> 00:01:11,000
Heap the flour in the centre.
Don't stir it yet.
```

ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಒಂದು ಸಾಲಿಗೆ 42 ಅಕ್ಷರ ಎಂಬುದು ವೃತ್ತಿಪರರು ಸಾಮಾನ್ಯವಾಗಿ ಪಾಲಿಸುವ ಮಿತಿ. ಓದುವ ವೇಗವನ್ನೂ ಲೆಕ್ಕ ಹಾಕಬೇಕು: 12ನೆಯ ತುಣುಕಿನಲ್ಲಿ ಜಾಗಗಳೂ ಸೇರಿ ಸುಮಾರು 38 ಅಕ್ಷರಗಳಿವೆ, ಅದು ಪರದೆಯ ಮೇಲಿರುವುದು 3.4 ಸೆಕೆಂಡು, ಅಂದರೆ ಸೆಕೆಂಡಿಗೆ ಸುಮಾರು 11 ಅಕ್ಷರ. ಇದು ಆರಾಮದ ವೇಗ. 17ರ ಆಚೆ ಹೋದರೆ ನೋಡುಗರ ಕಣ್ಣು ಕೈಚಳಕವನ್ನು ಬಿಟ್ಟು ಅಕ್ಷರದ ಹಿಂದೆಯೇ ಓಡಬೇಕಾಗುತ್ತದೆ. ಅಡುಗೆಯ ವಿಡಿಯೊದಲ್ಲಿ ಇದು ದೊಡ್ಡ ನಷ್ಟ, ಏಕೆಂದರೆ ಅಲ್ಲಿ ಕೈ ಮಾಡುತ್ತಿರುವುದೇ ಪಾಠ. `Subtitle Edit` ಪ್ರತಿ ತುಣುಕಿನ ಈ ವೇಗವನ್ನು ತಾನೇ ತೋರಿಸುತ್ತದೆ. ವೇಗ ಹೆಚ್ಚಾದ ಕಡೆ ಮಾತನ್ನು ಮೊಟಕುಗೊಳಿಸಿ: ಪರದೆಯಲ್ಲಿ ಕಾಣುತ್ತಿರುವುದನ್ನು ಬಿಟ್ಟು, ಕಾಣದಿರುವುದನ್ನು ಹೇಳಿ. ‘ಈ ರೀತಿ ಈ ಕಡೆಯಿಂದ ಹಿಂಗ ತಿರಿಗಿಸಿಕೋತ ಬಡೀರಿ’ ಎಂಬ ಮಾತಿಗೆ ‘ತಿರುಗಿಸುತ್ತಾ ಬಡಿಯಿರಿ’ ಎಂಬಷ್ಟೇ ಇಂಗ್ಲಿಷಿನಲ್ಲಿ ಇದ್ದರೆ ಸಾಕು.

ಪದಗಳ ವಿಷಯದಲ್ಲಿ ಒಂದು ನಿಯಮ ಮಾಡಿಕೊಳ್ಳಿ. ತಿಂಡಿಯ ಹೆಸರನ್ನು ಅನುವಾದಿಸಬಾರದು, ಕ್ರಿಯೆಯನ್ನು ಅನುವಾದಿಸಬೇಕು, ಅಳತೆಯನ್ನು ಬಿಡಿಸಿ ಹೇಳಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿಪುಡಿ ಎಂಬ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿ ಹಾಗೆಯೇ ಬರಲಿ. ಮೊದಲ ಸಲ ಬಂದಾಗ ಪಕ್ಕದಲ್ಲಿ ಎರಡು ಮೂರು ಪದಗಳ ವಿವರಣೆ ಇರಲಿ. ನಾದುವುದು, ಬಡಿಯುವುದು, ಕಾವಲಿಗೆ ಹಾಕುವುದು ಇವುಗಳಿಗೆ ಇಂಗ್ಲಿಷ್ ಕ್ರಿಯಾಪದ ಬೇಕು. ‘ಒಂದು ಲೋಟ ಹಿಟ್ಟು’ ಎಂಬಲ್ಲಿ ಆ ಲೋಟ ಎಷ್ಟು ಮಿಲಿಲೀಟರಿನದು ಎಂದು ಅಳೆದು ನೋಡಿ ಬರೆಯಿರಿ. ‘ಹದ ಬರುವ ತನಕ’ ಎಂಬ ಮಾತನ್ನು ಪದಶಃ ಅನುವಾದಿಸಿದರೆ ಏನೂ ತಿಳಿಯದು; ಹಿಟ್ಟು ಬಿರುಕು ಬಿಡದೆ ಉಂಡೆಯಾಗುವ ತನಕ ಎಂದು ಬಿಡಿಸಬೇಕಾಗುತ್ತದೆ. ಯಂತ್ರಾನುವಾದದ ಗುಂಡಿ ಸ್ಟುಡಿಯೊದಲ್ಲಿಯೇ ಇದ್ದರೂ ಸೋಲುವುದು ಇಂಥ ಜಾಗಗಳಲ್ಲೇ. ‘ಒಲಿ’, ‘ಮ್ಯಾಲೆ’, ‘ಬ್ಯಾಡ್ರಿ’ ಎಂಬ ರೂಪಗಳನ್ನು ಅದು ಎಷ್ಟೋ ಸಲ ಗುರುತಿಸುವುದೇ ಇಲ್ಲ, ‘ತಿರುವಬ್ಯಾಡ್ರಿ’ಯಲ್ಲಿನ ನಿಷೇಧ ಬಿಟ್ಟುಹೋದರೆ ಅರ್ಥ ತಲೆಕೆಳಗಾಗುತ್ತದೆ.

ಮುಗಿದ ಕಡತವನ್ನು ಕನ್ನಡ ಬಾರದ ಒಬ್ಬರಿಗೆ ತೋರಿಸಿ, ಸದ್ದು ನಿಲ್ಲಿಸಿ ವಿಡಿಯೊ ನೋಡಿಸಿ, ರೊಟ್ಟಿ ಮಾಡುವ ಕ್ರಮವನ್ನು ಹೇಳಲು ಕೇಳಿ. ಅವರು ತಡವರಿಸುವ ಜಾಗವೇ ನೀವು ತಿದ್ದಬೇಕಾದ ಜಾಗ.

ಅನುವಾದ ಮಾಡುವವರು ಬೇರೆ ಊರಿನಲ್ಲಿದ್ದರೆ ನಿಮ್ಮ ಖಾತೆಯ ಗುಪ್ತಪದವನ್ನು ಕೊಡುವ ಅಗತ್ಯವಿಲ್ಲ. ಸ್ಟುಡಿಯೊದ `Settings` ಒಳಗಿನ `Permissions` ಎಂಬಲ್ಲಿ ಅವರನ್ನು `Subtitle editor` ಆಗಿ ಸೇರಿಸಬಹುದು. ಅವರ ಕೈಗೆ ಸಬ್‌ಟೈಟಲ್ ಕೆಲಸ ಮಾತ್ರ ಸಿಗುತ್ತದೆ. ನೋಡುಗರೇ ಸಬ್‌ಟೈಟಲ್ ಬರೆದುಕೊಡುವ ಹಳೆಯ ಸೌಲಭ್ಯವನ್ನು ಯೂಟ್ಯೂಬ್ 2020ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದೆ. ಹಳೆಯ ಮಾರ್ಗದರ್ಶಿಗಳಲ್ಲಿ ಅದರ ಪ್ರಸ್ತಾಪ ಕಂಡರೆ ಹುಡುಕುತ್ತಾ ಕೂರಬೇಡಿ.

ಹಂತ 4: ಏರಿಸುವುದು ಮತ್ತು ಹೊತ್ತು ಹೊಂದಿಸುವುದು

ಸ್ಟುಡಿಯೊದ ಎಡಪಟ್ಟಿಯಲ್ಲಿ `Subtitles` ಎಂಬುದನ್ನು ತೆರೆಯಿರಿ. ಕೆಲವು ಖಾತೆಗಳಲ್ಲಿ ಇದರ ಹೆಸರು `Languages` ಎಂದಿರುತ್ತದೆ. ವಿಡಿಯೊ ಆರಿಸಿ, ಕನ್ನಡದ ಸಾಲಿನಲ್ಲಿ ಸಬ್‌ಟೈಟಲ್ ಕೆಳಗಿನ `Add` ಒತ್ತಿ, `Upload file`, ನಂತರ `With timing` ಆರಿಸಿ ಕಡತವನ್ನು ಕೊಡಿ. `Without timing` ಎಂಬುದು ಹೊತ್ತಿಲ್ಲದ ಬರಿಯ ಪಠ್ಯಕ್ಕೆ. ಎಸ್‌ಆರ್‌ಟಿ ಕಡತವನ್ನು ಅಲ್ಲಿ ಕೊಡಬೇಡಿ. ಬಳಿಕ `Add language` ಒತ್ತಿ `English` ಸೇರಿಸಿ, ಅದೇ ಕ್ರಮದಲ್ಲಿ ಇಂಗ್ಲಿಷ್ ಕಡತ ಕೊಡಿ. ಪಟ್ಟಿಯಲ್ಲಿ ಭಾರತದ ಇಂಗ್ಲಿಷ್, ಅಮೆರಿಕದ ಇಂಗ್ಲಿಷ್ ಎಂದು ಬೇರೆ ಬೇರೆ ಇದ್ದರೂ ದೇಶದ ಹೆಸರಿಲ್ಲದ `English` ಒಂದೇ ಎಲ್ಲರಿಗೂ ಸಾಕು. ಕೊನೆಯಲ್ಲಿ ಪ್ರಕಟಿಸುವ ಗುಂಡಿ ಒತ್ತಿ, ಪಟ್ಟಿಯಲ್ಲಿ ಅದು ಕರಡಾಗಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಮಾತಿಗೂ ಅಕ್ಷರಕ್ಕೂ ಹೊಂದಿಕೆ ತಪ್ಪಿದ್ದರೆ ಮೊದಲ ತುಣುಕನ್ನೂ ಕೊನೆಯ ತುಣುಕನ್ನೂ ಹೋಲಿಸಿ ನೋಡಿ. ಎರಡರಲ್ಲೂ ತಪ್ಪಿರುವ ಅಂತರ ಒಂದೇ ಆಗಿದ್ದರೆ, ಕಡತ ಮಾಡಿದ ಮೇಲೆ ವಿಡಿಯೊದ ಆರಂಭಕ್ಕೆ ಚಾನೆಲ್‌ನ ಪರಿಚಯ ಚಿತ್ರಿಕೆ ಸೇರಿಸಿದ್ದೀರಿ ಅಥವಾ ಏನನ್ನೋ ಕತ್ತರಿಸಿದ್ದೀರಿ ಎಂದರ್ಥ. `Subtitle Edit`ನ `Synchronization` ಪಟ್ಟಿಯಲ್ಲಿ ಎಲ್ಲ ತುಣುಕುಗಳನ್ನೂ ಒಟ್ಟಿಗೆ ಹಿಂದೆ ಮುಂದೆ ಸರಿಸಬಹುದು. ಆರಂಭದಲ್ಲಿ ಸರಿಯಿದ್ದು ಹೋಗುತ್ತಾ ಹೋಗುತ್ತಾ ಅಂತರ ಬೆಳೆಯುತ್ತಿದ್ದರೆ, ಕಡತ ಮಾಡಿದ ಪ್ರತಿಗೂ ಏರಿಸಿದ ಪ್ರತಿಗೂ ಸೆಕೆಂಡಿಗೆ ಇಷ್ಟು ಚಿತ್ರ ಎಂಬ ಲೆಕ್ಕ ಬೇರೆಯಾಗಿದೆ. ಅದೇ ಪಟ್ಟಿಯ `Change frame rate` ಇದನ್ನು ಸರಿಪಡಿಸುತ್ತದೆ. ನಡುವೆ ಎಲ್ಲೋ ಒಂದು ಕಡೆಯಿಂದ ಮಾತ್ರ ತಪ್ಪಲು ಶುರುವಾಗಿದ್ದರೆ ಆ ಜಾಗದಲ್ಲಿ ವಿಡಿಯೊ ಕತ್ತರಿಸಲ್ಪಟ್ಟಿದೆ. ಸಂಪಾದನೆ ಪೂರ್ತಿ ಮುಗಿದ, ಏರಿಸಲು ಸಿದ್ಧವಾದ ಪ್ರತಿಯ ಮೇಲೆಯೇ ಸಬ್‌ಟೈಟಲ್ ಕೆಲಸ ಶುರುಮಾಡಿದರೆ ಈ ಮೂರೂ ತೊಂದರೆಗಳು ಬಾರವು.

ಹಂತ 5: ಶೀರ್ಷಿಕೆ ಮತ್ತು ವಿವರಣೆ

ಅದೇ ಪುಟದಲ್ಲಿ ಇಂಗ್ಲಿಷಿನ ಸಾಲಿನಲ್ಲಿ `Title & description` ಕೆಳಗೂ ಒಂದು `Add` ಇದೆ. ಒತ್ತಿದರೆ ಒಂದು ಬದಿಯಲ್ಲಿ ನಿಮ್ಮ ಮೂಲ ಕನ್ನಡ, ಇನ್ನೊಂದು ಬದಿಯಲ್ಲಿ ಅನುವಾದಕ್ಕೆ ಖಾಲಿ ಜಾಗ ಕಾಣುತ್ತದೆ. ಶೀರ್ಷಿಕೆಗೆ 100, ವಿವರಣೆಗೆ 5000 ಅಕ್ಷರಗಳ ಮಿತಿಯಿದೆ. ಕನ್ನಡದಲ್ಲಿ ಈ ಎಣಿಕೆ ನಾವು ಎಣಿಸುವಂತಿಲ್ಲ: ಸ್ವರಚಿಹ್ನೆ, ವಿರಾಮ, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. ‘ರೊಟ್ಟಿ’ ಎಂಬುದು ನಮ್ಮ ಕಣ್ಣಿಗೆ ಎರಡು ಅಕ್ಷರ, ಕಂಪ್ಯೂಟರಿಗೆ ಆರು. ಹೀಗಾಗಿ ಕನ್ನಡ ಶೀರ್ಷಿಕೆ ಬೇಗ ಮಿತಿ ಮುಟ್ಟುತ್ತದೆ.

ಇದಕ್ಕಾಗಿಯೇ ಒಂದೇ ಶೀರ್ಷಿಕೆಯಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಗೆರೆ ಹಾಕಿ ತುರುಕುವ ರೂಢಿಯನ್ನು ಬಿಡಿ ಎನ್ನುತ್ತೇನೆ. ಫೋನಿನ ಪರದೆಯಲ್ಲಿ ಉದ್ದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ, ಉಳಿದ ಭಾಗ ಯಾರಿಗೂ ಪೂರ್ತಿ ದಕ್ಕುವುದಿಲ್ಲ. ಬೇರೆ ಬೇರೆ ಕೊಟ್ಟರೆ ಹೀಗಿರಬಹುದು:

```
kn: ಜೋಳದ ರೊಟ್ಟಿ: ಅಂಚು ಒಡೆಯದಂತೆ ಬಡಿಯುವ ಕ್ರಮ
en: Jolada Rotti: Jowar Flatbread Without Cracked Edges
```

ಇಂಗ್ಲಿಷ್ ಶೀರ್ಷಿಕೆ `Jolada Rotti` ಎಂದೇ ಶುರುವಾಗಿರುವುದನ್ನು ಗಮನಿಸಿ. ಇಂಗ್ಲಿಷಿನಲ್ಲಿ ಫೋನ್ ಇಟ್ಟುಕೊಂಡ ಹುಬ್ಬಳ್ಳಿಯವರು ತಮ್ಮ ತಿಂಡಿಯನ್ನು ಗುರುತಿಸುವುದು ಆ ಎರಡು ಪದಗಳಿಂದ. ಲಿಪಿ ಓದಲಾರದ ಎರಡನೆಯ ತಲೆಮಾರಿನವರು ಹುಡುಕುವಾಗ ಟೈಪ್ ಮಾಡುವುದೂ ಅವನ್ನೇ. ಅದರ ನಂತರ `Jowar` ಎಂಬ ಪದ ಏಕೆ ಎಂದರೆ, ಭಾರತದ ಉಳಿದ ಕಡೆಯವರಿಗೂ ಹೊರದೇಶದ ಭಾರತೀಯ ಅಂಗಡಿಗಳ ಪೊಟ್ಟಣದ ಮೇಲೂ ಪರಿಚಿತವಾದ ಹೆಸರು ಅದು. ಭಾರತದ ನಂಟಿಲ್ಲದವರು ಬಳಸುವ `sorghum` ಎಂಬ ಪದವನ್ನು ವಿವರಣೆಯ ಮೊದಲ ಸಾಲಿನಲ್ಲಿ ತನ್ನಿ. ಮರಾಠಿಯ ಶೀರ್ಷಿಕೆಯಲ್ಲಿ ಇದೇ ಕ್ರಮವನ್ನು ತಿರುಗಿಸಬೇಕು: ಅಲ್ಲಿ ‘ಜ್ವಾರೀಚೀ ಭಾಕರೀ’ ಮೊದಲು ಬಂದು, ಉತ್ತರ ಕರ್ನಾಟಕದ ಪದ್ಧತಿ ಎಂಬುದು ಆಮೇಲೆ ಬಂದರೆ ಓದುಗರಿಗೆ ತಮ್ಮದರ ನೆರೆಯ ರೂಪ ಎಂದು ತಿಳಿಯುತ್ತದೆ.

ಅನುವಾದಿತ ವಿವರಣೆಯಲ್ಲಿ ಕನ್ನಡದ್ದನ್ನು ಸಾಲಿಗೆ ಸಾಲು ತರುವ ಅಗತ್ಯವಿಲ್ಲ. ಪದಾರ್ಥಗಳ ಪಟ್ಟಿ, ಅಳತೆ, ಮತ್ತು ಆ ಊರಿನಲ್ಲಿ ಬೇಕಾಗುವ ಒಂದು ಮಾತು ಇರಲಿ: ಹಂಚಿಲ್ಲದವರು ದಪ್ಪ ಕಬ್ಬಿಣದ ಬಾಣಲೆ ಬಳಸಬಹುದು, ಹಳೆಯ ಹಿಟ್ಟಾದರೆ ಜಿಗಿ ಕಡಿಮೆಯಾಗಿ ಅಂಚು ಒಡೆಯುತ್ತದೆ ಎಂಬಂಥವು. ವಿಡಿಯೊದ ಭಾಗಗಳನ್ನು ತೋರಿಸಲು ಹೊತ್ತು ಬರೆದಿದ್ದರೆ ಅದನ್ನು ಅನುವಾದದಲ್ಲೂ ಹಾಗೆಯೇ ಉಳಿಸಿ, ಪಕ್ಕದ ಮಾತನ್ನು ಮಾತ್ರ ಬದಲಿಸಿ. ಮೊದಲ ಭಾಗ `0:00`ದಿಂದ ಶುರುವಾಗಬೇಕು, ಕನಿಷ್ಠ ಮೂರು ಭಾಗಗಳಿರಬೇಕು, ಪ್ರತಿಯೊಂದೂ ಕನಿಷ್ಠ 10 ಸೆಕೆಂಡಿನದಾಗಿರಬೇಕು ಎಂಬ ನಿಯಮವಿದೆ.

ವಿಡಿಯೊದ ಮುಖಚಿತ್ರದ ಮೇಲೆ ಬರೆದ ಅಕ್ಷರಗಳು ಶೀರ್ಷಿಕೆಯ ಜೊತೆ ತಾವಾಗಿ ಬದಲಾಗುವುದಿಲ್ಲ. ಮುಖಚಿತ್ರದಲ್ಲಿ ಉಬ್ಬಿದ ರೊಟ್ಟಿ ದೊಡ್ಡದಾಗಿ ಕಾಣಲಿ, ಅಕ್ಷರ ಎರಡು ಮೂರು ಪದ ದಾಟದಿರಲಿ.

ಹಂತ 6: ಬೇರೆಯವರ ಕಣ್ಣಿನಿಂದ ಪರೀಕ್ಷೆ

ನಿಮ್ಮ ಖಾತೆಯಲ್ಲಿ ನೋಡಿದರೆ ನಿಮ್ಮ ಭಾಷೆಯದೇ ಕಾಣುತ್ತದೆ. ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು, ಲಾಗಿನ್ ಆಗದೆ ಯೂಟ್ಯೂಬ್‌ಗೆ ಹೋಗಿ, ಮೇಲಿನ ಮೂಲೆಯ ಪಟ್ಟಿಯಲ್ಲಿ ಭಾಷೆಯನ್ನು ಇಂಗ್ಲಿಷ್ ಮಾಡಿ ವಿಡಿಯೊ ತೆರೆಯಿರಿ. ಆಮೇಲೆ ಕನ್ನಡ ಮಾಡಿ ಮತ್ತೆ ನೋಡಿ. ಶೀರ್ಷಿಕೆ ಬದಲಾಗದಿದ್ದರೆ ಮೊದಲ ಹಂತಕ್ಕೆ ಮರಳಿ ಮೂಲ ಭಾಷೆಯ ಆಯ್ಕೆಯನ್ನು ಪರೀಕ್ಷಿಸಿ. ಫೋನಿನಲ್ಲೂ ಒಮ್ಮೆ ನೋಡಿ: ಹಿಟ್ಟಿನ ತಟ್ಟೆ ಪರದೆಯ ಕೆಳತುದಿಯಲ್ಲಿದ್ದರೆ ಸಬ್‌ಟೈಟಲ್ ಅದನ್ನು ಮುಚ್ಚುತ್ತದೆ. ಈಗಿನ ವಿಡಿಯೊಗೆ ಎಸ್‌ಆರ್‌ಟಿ ಕಡತದಲ್ಲಿ ಅದನ್ನು ಸರಿಪಡಿಸಲಾಗದು, ಮುಂದಿನ ಸಲ ಚಿತ್ರೀಕರಿಸುವಾಗ ಕೆಳಗೆ ಸ್ವಲ್ಪ ಜಾಗ ಬಿಡಿ.

ಕನ್ನಡ ಸಂಘವೊಂದು ತನ್ನ ಜಾಲತಾಣದಲ್ಲಿ ನಿಮ್ಮ ವಿಡಿಯೊ ಹಾಕಿಕೊಳ್ಳಲು ಬಯಸಿದರೆ, ಸಬ್‌ಟೈಟಲ್ ತಾನಾಗಿ ತೆರೆದುಕೊಳ್ಳುವ ಕೊಂಡಿಯನ್ನೇ ಕೊಡಬಹುದು. `VIDEO_ID` ಇರುವಲ್ಲಿ ನಿಮ್ಮ ವಿಡಿಯೊದ ಗುರುತನ್ನು ಹಾಕಿ:

```
https://www.youtube.com/embed/VIDEO_ID?cc_load_policy=1&cc_lang_pref=en
```

ಹಂತ 7: ಮುಂದಿನ ಭಾಷೆಯ ನಿರ್ಧಾರ

ಒಂದೆರಡು ತಿಂಗಳು ಕಳೆದ ಮೇಲೆ ಸ್ಟುಡಿಯೊದ `Analytics`ನಲ್ಲಿ `Audience` ಪುಟ ತೆರೆಯಿರಿ. ಯಾವ ದೇಶಗಳಿಂದ ನೋಡುತ್ತಿದ್ದಾರೆ ಎಂಬ ಪಟ್ಟಿಯೂ, ಯಾವ ಭಾಷೆಯ ಸಬ್‌ಟೈಟಲ್ ಹಾಕಿಕೊಂಡು ನೋಡುತ್ತಿದ್ದಾರೆ ಎಂಬ ಪಟ್ಟಿಯೂ ಅಲ್ಲಿರುತ್ತವೆ. ಎರಡನ್ನೂ ಜೊತೆಗಿಟ್ಟು ಓದಬೇಕು. ಅಮೆರಿಕದಿಂದ ನೋಡುವವರು ಹೆಚ್ಚಿದ್ದು ಇಂಗ್ಲಿಷ್ ಸಬ್‌ಟೈಟಲ್ ಬಳಕೆ ಕಡಿಮೆಯಿದ್ದರೆ, ಬರುತ್ತಿರುವವರು ಕನ್ನಡ ಬಲ್ಲವರು. ಅವರನ್ನು ಕರೆತಂದದ್ದು ಶೀರ್ಷಿಕೆ, ಹಾಗಾಗಿ ಶ್ರಮವನ್ನು ಶೀರ್ಷಿಕೆಗಳ ಮೇಲೆ ಹಾಕಿ. ಭಾರತದೊಳಗಿನ ನೋಡುಗರೇ ಇಂಗ್ಲಿಷ್ ಸಬ್‌ಟೈಟಲ್ ಹೆಚ್ಚು ಬಳಸುತ್ತಿದ್ದರೆ ಅವರಲ್ಲಿ ನೆರೆರಾಜ್ಯದವರು ಇರುವ ಸಾಧ್ಯತೆ ಹೆಚ್ಚು. ಮರಾಠಿಯ ಕಡತ ಸಿದ್ಧಪಡಿಸಲು ಅದು ಸರಿಯಾದ ಸಮಯ.

ಹಳೆಯ ವಿಡಿಯೊಗಳನ್ನೆಲ್ಲ ಒಂದೇ ಸಲಕ್ಕೆ ಕೈಗೆತ್ತಿಕೊಳ್ಳಬೇಡಿ. ಕರ್ನಾಟಕದ ಹೊರಗಿನಿಂದ ಈಗಾಗಲೇ ಸ್ವಲ್ಪ ಮಟ್ಟಿಗೆ ನೋಡುಗರಿರುವ ವಿಡಿಯೊಗಳನ್ನು ಮೊದಲು ಆರಿಸಿ, ಮೊದಲ ಹಂತದ ಭಾಷೆಯ ಆಯ್ಕೆಯನ್ನು ಸರಿಪಡಿಸಿ, ಇಂಗ್ಲಿಷ್ ಸಬ್‌ಟೈಟಲ್ ಮತ್ತು ಶೀರ್ಷಿಕೆಯನ್ನು ಜೊತೆಜೊತೆಗೇ ಸೇರಿಸಿ. ಅವುಗಳ ಎಸ್‌ಆರ್‌ಟಿ ಕಡತಗಳನ್ನು ವಿಡಿಯೊದ ಹೆಸರು ಮತ್ತು ಭಾಷೆಯ ಸಂಕೇತದೊಂದಿಗೆ, `rotti-kn.srt`, `rotti-en.srt`, `rotti-mr.srt` ಎಂಬ ರೀತಿಯಲ್ಲಿ, ನಿಮ್ಮ ಕಂಪ್ಯೂಟರಿನ ಒಂದೇ ಕಡೆ ಜೋಡಿಸಿಡಿ. ವಿಡಿಯೊವನ್ನು ಎಂದಾದರೂ ಮತ್ತೆ ಏರಿಸಬೇಕಾಗಿ ಬಂದರೆ ಅಥವಾ ಬೇರೆ ತಾಣದಲ್ಲಿ ಹಾಕಬೇಕಾದರೆ ಅವೇ ಕಡತಗಳು ಬಳಕೆಗೆ ಬರುತ್ತವೆ.